ಮುಯ್ಯಿ ತೀರಿಸಿದವರು

ಕಾಗದನಗರದ ಸುಭದ್ರಮ್ಮನ ಕಥೆ ಹೇಳುವ ಮುಖ ನನಗಿಲ್ಲ. ಆದರೂ ಹೇಳುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡರೆ ನನಗೇ ಉರಿ.

ಆಕೆ ನನ್ನ ವಾರಗಿತ್ತಿ ಸುವರ್ಣಮ್ಮನ ತಮ್ಮ ಏಕಾಂತಪ್ಪನವರ ಹೆಂಡತಿ. ಅವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇದ್ದವರು. ಮಕ್ಕಳಾಗಲಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನಮ್ಮ ಮನೆಗಳಲ್ಲಿ ಸೀಮಂತವೋ ನಾಮಕರಣವೋ ಆದರೆ ಸುಭದ್ರಮ್ಮ ಬೆಳಗಿನ ಬಸ್ಸಿಗೇ ಇಳಿಯುತ್ತಿದ್ದಳು, ಕೈಯಲ್ಲಿ ಮುಯ್ಯಿಯ ಚೀಲ ಹಿಡಿದು.

ನಮ್ಮಲ್ಲಿ ಮುಯ್ಯಿಗೊಂದು ರೀತಿಯಿದೆ. ನೀವು ನನ್ನ ಮನೆಯ ಕಾರ್ಯಕ್ಕೆ ಸೀರೆ ತಂದರೆ ನಾನು ಅದನ್ನು ಮರುದಿನವೇ ತಿರುಗಿಸುವಂತಿಲ್ಲ, ಅದು ಮುಖಕ್ಕೆ ಹೊಡೆದ ಹಾಗೆ. ನಿಮ್ಮ ಮನೆಯ ಕಾರ್ಯ ಬರುವವರೆಗೆ ಕಾಯಬೇಕು. ಬಂದಾಗ ಅಂಥದೇ ಸೀರೆ, ಅದರ ಮೇಲೊಂದು ರವಿಕೆ ಕಣ. ಆ ಕಣ ಈಗ ನಿಮ್ಮ ತಲೆಯ ಮೇಲೆ. ಹೀಗೆ ಯಾರದಾದರೂ ಒಬ್ಬರದು ಬಾಕಿ ಇದ್ದೇ ಇರುತ್ತದೆ, ಬಾಕಿ ಇರುವವರನ್ನು ಕರೆಯದೆ ಬಿಡುವ ಹಾಗಿಲ್ಲ. ಕಣ ಇಲ್ಲದೆ ಸರಿಸಮ ಕೊಟ್ಟರೆ ನಂಟು ಮುಗಿಯಿತು ಎಂದೇ ಅರ್ಥ.

ಸುಭದ್ರಮ್ಮನ ಮನೆಯಲ್ಲಿ ಕಾರ್ಯವೇ ಇಲ್ಲ. ಹಾಗಾಗಿ ಮೂವತ್ತು ವರ್ಷ ಆಕೆ ಕೊಟ್ಟಿದ್ದೇ ಬಂತು. ನಾನೊಮ್ಮೆ ರೇಗಿಸಿದ್ದೆ, "ಎಷ್ಟು ಅಂತ ಹೊರ್ತೀಯೇ ಮಾರಾಯ್ತಿ?"

"ಹೊರ್ತೀನಿ ಬಿಡಿ. ನಿಮ್ದೆಲ್ಲ ಬಾಕಿ ಇದ್ರೆ ತಾನೆ ನನ್ನ ಕರೆಯೋದು" ಎಂದು ನಕ್ಕಿದ್ದಳು.

ಹೋದ ಮಾಘದಲ್ಲಿ ಏಕಾಂತಪ್ಪ ತೀರಿಕೊಂಡರು. ಸುವರ್ಣಮ್ಮನ ಮಗಳು ಸೌಂದರ್ಯಳ ಮದುವೆಗೆ ಆಗ ಎರಡೇ ತಿಂಗಳು. ಸೋದರಮಾವನ ಸೀರೆ ಉಡದೆ ಮದುಮಗಳು ಹಸೆಗೆ ಬರುವುದಿಲ್ಲ. ಆ ಸೀರೆಯನ್ನು ಏಕಾಂತಪ್ಪ ಮೊದಲೇ ತಂದಿಟ್ಟಿದ್ದರು. ಗಂಡನನ್ನು ಮಣ್ಣು ಮಾಡಿ ಬಂದ ಸುಭದ್ರಮ್ಮನಿಗೆ ಅದನ್ನು ಹುಡುಗಿಗೆ ಉಡಿಸುವುದೊಂದೇ ಆಸೆ ಉಳಿದಿತ್ತು. ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು.

ಸುವರ್ಣಮ್ಮನಿಗೆ ಅದು ಬೇಡವಾಗಿತ್ತು. ಮನೆಮನೆಗೆ ಫೋನ್ ಮಾಡಿದಳು. ನನಗೂ ಬಂತು.

"ಗಂಡ ಹೋದವಳು ಹಸೆ ಹತ್ರ ನಿಂತ್ರೆ ಬೀಗರು ಸುಮ್ನಿರ್ತಾರಾ? ಸೋದರಮಾವನ ಹೆಸರಲ್ಲಿ ಸೀರೆ ನಾವೇ ತರ್ತೀವಿ. ಬಾಕಿ ಇಟ್ಕೊಂಡು ಕರೀದೆ ಇರೋಕಾಗಲ್ಲ. ಆರಾಧನೆ ದಿನ ಎಲ್ಲಾರೂ ಹಳೇದಕ್ಕೆಲ್ಲ ಸೇರಿಸಿ ಒಂದೊಂದು ಭಾರಿ ಸೀರೆ ಕೊಟ್ಟು ಅವಳ ಮುಯ್ಯಿ ತೀರಿಸ್ಬಿಡಿ. ಕಣ ಇಡ್ಬೇಡಿ."

ಏಕಾಂತಪ್ಪನವರ ಶಿವಗಣಾರಾಧನೆಯ ಊಟವಾದ ಮೇಲೆ ಒಬ್ಬೊಬ್ಬರೇ ಹೋಗಿ ಆಕೆಯ ಮಡಿಲಿಗೆ ಸೀರೆ ಹಾಕಿದರು. ದುಃಖದ ಮನೆಗೆ ಬಟ್ಟೆ ತರುವುದು ಇದ್ದದ್ದೇ. ಪಾಪ, ಮೊದಮೊದಲು ಎಲ್ಲರ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಐದನೆಯದಕ್ಕೋ ಆರನೆಯದಕ್ಕೋ ಕೈ ನಿಂತಿತು. ಸೀರೆ ಬಿಚ್ಚಿ ಒಳಗೆ ನೋಡಿದಳು. ಅದರ ಕೆಳಗಿನದನ್ನೂ ಬಿಚ್ಚಿದಳು. ಅಷ್ಟರಲ್ಲಿ ನನ್ನ ಸರದಿ.

"ನಿಮ್ದೂ ಬರೀ ಸೀರೆನಾ?" ಎಂದು ಕೇಳಿದಳು.

ನನ್ನ ಬ್ಯಾಗಿನಲ್ಲಿ ಕಣವಿತ್ತು, ಆಣೆ ಮಾಡಿ ಹೇಳುತ್ತೇನೆ. ಪಕ್ಕದಲ್ಲಿ ಸುವರ್ಣಮ್ಮ ನೋಡುತ್ತಿದ್ದಳು. ನಾನು ತೆಗೆಯಲಿಲ್ಲ. ಸಂಜೆ ಮನೆಗೆ ಬಂದು ಅದನ್ನು ಕೆಲಸದವಳಿಗೆ ಕೊಟ್ಟೆ.

ಮದುವೆಗೆ ಆಕೆಗೆ ಕರೆ ಹೋಗಲಿಲ್ಲ. ಕರೆಯದಿದ್ದರೂ ಆಕೆ ಬಂದಳು. ಕೋಟೆ ಹತ್ತಿರದ ಕಲ್ಯಾಣಮಂಟಪದ ಬಾಗಿಲಲ್ಲಿ ಸೋದರಮಾವನ ಸೀರೆ ಎದೆಗವಚಿಕೊಂಡು ನಿಂತಿದ್ದಳು. ನೆಂಟರ ಎದುರು ತಂದ ಮುಯ್ಯಿಯನ್ನು ಬೇಡ ಎನ್ನುವಂತಿಲ್ಲ. ಸುವರ್ಣಮ್ಮ ನಗುತ್ತಲೇ ಎರಡೂ ಕೈಯಲ್ಲಿ ಇಸಿದುಕೊಂಡಳು. ಸುಭದ್ರಮ್ಮನ ಮುಖ ಅರಳಿತು. ಇನ್ನು ಇವರದು ಬಾಕಿ ಎಂದುಕೊಂಡಿರಬೇಕು.

ಸುವರ್ಣಮ್ಮ ನನ್ನ ಕಡೆ ತಿರುಗಿ, "ಬೀಗರ ಕಡೆಯವರಿಗೆ ತಂದಿಟ್ಟಿದ್ದು ಇದೆಯಲ್ಲ, ಇಂಥದ್ದೇ ಒಂದು ತಗೊಂಬಾ" ಎಂದಳು. ನಾನು ತಂದುಕೊಟ್ಟೆ. ಅದನ್ನು ಅಲ್ಲಿಯೇ, ಆ ಗಳಿಗೆಯಲ್ಲೇ ಸುಭದ್ರಮ್ಮನ ಕೈಗಿಟ್ಟಳು.

ಸುಭದ್ರಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಈಗ್ಲೇ ಕೊಡ್ಬೇಡಿ ಅಕ್ಕ. ನಿಮ್ಮ ಹತ್ರಾನೇ ಇರ್ಲಿ. ಯಾವಾಗಾದ್ರೂ ಕೊಡೀರಂತೆ."

"ಯಾವಾಗ ಕೊಡ್ಲಿ? ನಿಮ್ಮನೇಲಿ ಇನ್ನೇನು ಕಾರ್ಯ ಇದೆ, ನೀನು ಸಾಯೋದೊಂದು ಬಿಟ್ರೆ?"

ಸುಭದ್ರಮ್ಮ ನನ್ನನ್ನು ನೋಡಿದಳು. ನಾನು ವಾಲಗದವರ ಕಡೆ ನೋಡಿದೆ. ಆಕೆ ಸೀರೆ ಇಸಿದುಕೊಂಡು ಮೆಟ್ಟಿಲಿಳಿದಳು. ಊಟ ಮಾಡಿ ಹೋಗು ಎಂದು ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮೊದಲ ಪಂಕ್ತಿಗೆ ಎಲೆ ಹಾಕಿದ್ದರು, ಹೋಗಿ ಕೂತೆ.