ನನ್ನ ಬರಹಕ್ಕೆ ಬಿದ್ದ ‘ಇಲ್ಲ’

ರಾಣೇಬೆನ್ನೂರಿನಿಂದ ಬ್ಯಾಡಗಿಯ ಹತ್ತಿರದ ಒಂದು ಸರಕಾರಿ ಶಾಲೆಗೆ ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಆರು, ಏಳನೆಯ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಒಂದು ವರ್ಷ ಏಳನೆಯ ತರಗತಿಯ ಮಕ್ಕಳು ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ಅಭಿಪ್ರಾಯ ಬರೆಯಲಿ ಎಂದು ಪುಟ್ಟ ಪಟ್ಟಿಯೊಂದನ್ನು ಮಾಡಿದ್ದೆ. ಶೀರ್ಷಿಕೆ ಇದೆಯೇ? ವಾಕ್ಯಗಳು ಪೂರ್ತಿಯಾಗಿವೆಯೇ? ಓದಿದಾಗ ಬರೆದದ್ದು ಕಣ್ಣಿಗೆ ಕಟ್ಟುತ್ತದೆಯೇ? ಕೊನೆಗೆ, ಹಿಡಿಸಿದ್ದು ಒಂದು, ತಿದ್ದಬೇಕಾದದ್ದು ಒಂದು.

ಮೊದಲ ವಾರ ಗೆಳೆಯರು ಗೆಳೆಯರಿಗೆ ಎಲ್ಲದಕ್ಕೂ ‘ಹೌದು’ ಹಾಕಿಕೊಟ್ಟರು. “ಹಂಗ ನಡಿಯಂಗಿಲ್ಲ. ಹೌದು ಅಂದ್ರ ಬರಹದಾಗ ಅದು ಎಲ್ಲೈತೋ ಆ ಸಾಲಿನ ಕೆಳಗ ಗೆರಿ ಎಳೀರಿ. ಇಲ್ಲ ಅಂದ್ರ ಯಾಕ ಅಂತ ಬರೀರಿ,” ಎಂದೆ. ರೂಢಿಯಾಗಲೆಂದು ಟೈಪ್ ಮಾಡಿಸಿದ ಒಂದು ಮಾದರಿ ಬರಹದ ಪ್ರತಿಗಳನ್ನು ಹಂಚಿದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ ನಾನೇ ಬರೆದದ್ದು, ಆದರೆ ಹೆಸರು ಹಾಕಿರಲಿಲ್ಲ. ಕೆಂಪು ರಾಶಿ, ಘಮಘಮ ವಾಸನೆ, ನಗುತ್ತ ಹಾಡುತ್ತ ದುಡಿಯುವ ಕೈಗಳು. ಮನಸ್ಸಿನಲ್ಲೇ ಮೂರಕ್ಕೂ ‘ಹೌದು’ ಹಾಕಿಕೊಂಡಿದ್ದೆ.

ಕಿಟಕಿಯ ಪಕ್ಕ ಕೂರುವ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಮೌನ. ಎರಡು ವರ್ಷದಲ್ಲಿ ಅವಳು ತಾನಾಗಿ ಬಾಯಿ ತೆರೆದದ್ದು ನನಗೆ ನೆನಪಿಲ್ಲ. ಅವಳ ಹಾಳೆಯಲ್ಲಿ ಮೂರನೆಯ ಪ್ರಶ್ನೆಯ ಮುಂದೆ ‘ಇಲ್ಲ’ ಎಂದಿತ್ತು. ಕೆಳಗೆ: “ಯಾರೂ ಹಾಡುವುದಿಲ್ಲ. ಬಾಯಿಗೆ ಬಟ್ಟೆ ಕಟ್ಟಿರುತ್ತಾರೆ. ಬಿಚ್ಚಿದರೆ ಕೆಮ್ಮು ಬರುತ್ತದೆ. ನಮ್ಮ ಅಮ್ಮಿಯ ಕೈ ಉರಿಯುತ್ತದೆ, ಅದಕ್ಕೆ ಚಮಚದಿಂದ ಊಟ ಮಾಡುತ್ತಾಳೆ. ಬರೆದವರು ಹತ್ತಿರ ಹೋಗಿ ನೋಡಬೇಕು.”

ಹಾಳೆಯನ್ನು ಮತ್ತೊಮ್ಮೆ ಓದಿದೆ. ಹದಿನಾಲ್ಕು ವರ್ಷ ಆ ಕೆಂಪು ರಾಶಿಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಅದೇ ರಸ್ತೆಯಲ್ಲಿ ಓಡಾಡಿದ್ದೆ. ಒಮ್ಮೆಯೂ ಬಸ್ಸಿನಿಂದ ಇಳಿದು ನೋಡಿರಲಿಲ್ಲ. ಹಿಡಿಸಿದ್ದು ಎಂಬಲ್ಲಿ ಅವಳು “ಅಕ್ಷರ ತಪ್ಪಿಲ್ಲ” ಎಂದಷ್ಟೇ ಬರೆದಿದ್ದಳು.

“ಇದನ್ನ ಬರೆದಾಕಿ ನಾನ,” ಎಂದು ತರಗತಿಗೆ ಹೇಳಿದೆ. ಹುಡುಗಿ ಗಾಬರಿಯಿಂದ ಎದ್ದು ನಿಂತಳು.

“ತಪ್ಪಾತ್ರಿ ಅಕ್ಕೋರ. ನಿಮ್ದಂತ ಗೊತ್ತಿರ್ಲಿಲ್ರಿ.”

“ಗೊತ್ತಿದ್ರ ಏನ್ ಬರಿತಿದ್ದಿ?”

ಅವಳು ನೆಲ ನೋಡಿದಳು. “ಹೌದು ಅಂತ ಹಾಕ್ತಿದ್ದೆ ರೀ.”

ಅದು ಇನ್ನೂ ಜೋರಾಗಿ ತಾಗಿತು. ಹಾಗಾದರೆ ಇಷ್ಟು ವರ್ಷ ನನ್ನೆದುರು ಈ ಮಕ್ಕಳು ಎಷ್ಟಕ್ಕೆ ‘ಹೌದು’ ಎಂದಿರಬಹುದು?

ಶನಿವಾರ ಶಾಲೆ ಬಿಟ್ಟ ಮೇಲೆ, ಅವಳ ತಾಯಿ ತೊಟ್ಟು ಬಿಡಿಸುವ ಜಾಗಕ್ಕೆ ಅವಳ ಜೊತೆ ನಡೆದು ಹೋದೆ. ತಾಯಿ ಚೀಲ ಹಾಸಿ ನನಗೆ ಜಾಗ ಕೊಟ್ಟರು. ಅರ್ಧ ತಾಸು ತೊಟ್ಟು ಮುರಿದೆ. ಕಣ್ಣು, ಮೂಗು ಸುರಿಯತೊಡಗಿ, ಬೆರಳ ತುದಿಗಳು ಉರಿದವು. “ಮುಖ ಮುಟ್ಕೋಬ್ಯಾಡ್ರಿ ಟೀಚರ್,” ಎಂದು ಅವರು ಕೊಬ್ಬರಿ ಎಣ್ಣೆ ತಂದರು.

ಸೋಮವಾರ ಹೊಸದಾಗಿ ಬರೆದದ್ದನ್ನು ಪಟ್ಟಿಯೊಂದಿಗೆ ಅವಳ ಕೈಗಿಟ್ಟೆ. ಅವಳು ನಿಧಾನವಾಗಿ ಓದಿದಳು, ಎರಡು ಕಡೆ ಗೆರೆ ಎಳೆದಳು. ಆಮೇಲೆ ಮೂರನೆಯ ಪ್ರಶ್ನೆಗೆ ಬಂದು, ಪೆನ್ಸಿಲ್ ಕಚ್ಚುತ್ತ ತಾನಾಗಿಯೇ, “ಇಲ್ಲೊಂದು ಕೇಳ್ಲೇನ್ರಿ?” ಎಂದಳು.