ನೀಲಿ ಹಿನ್ನೆಲೆಗೆ ಅಂಟಿದ ಬಿಳಿ ಗೆರೆ

ಸ್ಟುಡಿಯೋ ಮಾಲೀಕನನ್ನು ಬೀದಿಯವರೆಲ್ಲ ಅನುಮಾನದಣ್ಣ ಎಂದೇ ಕರೆಯುತ್ತಿದ್ದರು. ಚಹಾ ಬಂದರೆ ಲೋಟದೊಳಗೆ ಬಗ್ಗಿ ನೋಡಿ, ಮೂಸಿ, ಆಮೇಲೆ ಕುಡಿಯುವ ಆಸಾಮಿ. ಅಂಥವನು ಹೆಂಡತಿಯ ತಮ್ಮನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದು ನಂಬಿಕೆಯಿಂದಲ್ಲ, ಹೆಂಡತಿಯ ಕಾಟಕ್ಕೆ.

ಒಂದು ಬೆಳಿಗ್ಗೆ ಶಾಲೆಯ ಗುರುತಿನ ಚೀಟಿಯ ಫೋಟೊಗಳು ವಾಪಸ್ ಬಂದವು. ಬಿಳಿ ಗೋಡೆಯ ಮುಂದೆ ತೆಗೆದ ಮಕ್ಕಳ ಚಿತ್ರವನ್ನು ನೀಲಿ ಹಿನ್ನೆಲೆಗೆ ಕೂರಿಸಬೇಕಿತ್ತು. ನೋಡಿದರೆ ಪ್ರತಿ ಮಗುವಿನ ಕಿವಿ, ಭುಜಗಳ ಸುತ್ತ ಸುಣ್ಣ ಎಳೆದ ಹಾಗೆ ಬಿಳಿ ಗೆರೆ. ಸಂಜೆಯೊಳಗೆ ಸರಿಯಾಗದಿದ್ದರೆ ಕೆಲಸ ಎದುರಂಗಡಿಯ ಸ್ಟುಡಿಯೋಗೆ ಎಂದು ಹೆಡ್‌ಮಿಸ್ ಹೇಳಿ ಕಳಿಸಿದ್ದರು.

ಎದುರಂಗಡಿ! ಅನುಮಾನದಣ್ಣನ ನೆತ್ತಿ ಕಾಯಿತು. ಬಾಮೈದ ಆ ಅಂಗಡಿಯವನ ಜೊತೆ ನಕ್ಕೊಂಡು ಚಹಾ ಕುಡಿಯುವುದನ್ನು ನಿನ್ನೆಯಷ್ಟೇ ಕಣ್ಣಾರೆ ಕಂಡಿದ್ದ.

“ಎಷ್ಟು ದಿನದಿಂದ ನಡೀತಿದೆ ನಿಮ್ಮಿಬ್ಬರ ಗುಸುಗುಸು? ಬೇಕಂತಲೇ ಕೆಡಿಸಿದ್ದೀಯ!”

“ಅಯ್ಯೋ ಭಾವ, ನೀವು ಹೇಳಿದ ಹಾಗೇ ಮಾಡಿದ್ದೀನಿ. ಅಳಿಸೋ ಮೊದಲು ಸೆಲೆಕ್ಷನ್ ಎರಡು ಪಿಕ್ಸೆಲ್ ಕುಗ್ಗಿಸು ಅಂದಿರಲ್ಲ?”

“ಕುಗ್ಗಿಸಿದ್ರೆ ಗೆರೆ ಹೆಂಗೆ ಬಂತು? ನನ್ನ ಮುಂದೆ ಮಾಡು. ಇಲ್ಲಾಂದ್ರೆ ಇವತ್ತೇ ಗಂಟುಮೂಟೆ ಕಟ್ಟು. ನಿಮ್ಮಕ್ಕನಿಗೆ ನಾನೇ ಹೇಳ್ಕೋತೀನಿ.”

ಬಾಮೈದ ಮೌಸ್ ಹಿಡಿದ. ಬಿಳಿ ಗೋಡೆಯ ಮೇಲೆ ಕ್ಲಿಕ್ ಮಾಡಿದ. ಸೆಲೆಕ್ಷನ್ ಆದ ಭಾಗದ ಅಂಚಿಗೆಲ್ಲ ಚುಕ್ಕಿಗೆರೆ ಇರುವೆಸಾಲಿನಂತೆ ಓಡತೊಡಗಿತು. ಕುಗ್ಗಿಸುವ ಪೆಟ್ಟಿಗೆಯಲ್ಲಿ ನಾಲ್ಕು ಎಂದು ಒತ್ತಿದ.

“ನಾಲ್ಕಾ? ಯಾರು ಹೇಳಿದ್ದು?”

“ಎದುರಂಗಡಿಯವರು. ಎರಡಕ್ಕೆ ಗೆರೆ ಹೋಗಲ್ಲ ಅಂದಿದ್ದಕ್ಕೆ ನಾಲ್ಕು ಹಾಕು ಅಂದ್ರು.”

ಬಯ್ಯಲು ಬಾಯಿ ತೆರೆದ ಅನುಮಾನದಣ್ಣನ ಕಣ್ಣು ಪರದೆಯ ಮೇಲೆ ಬಿತ್ತು. ಇರುವೆಸಾಲು ಮಗುವಿನ ಸುತ್ತಲೂ ಓಡುತ್ತಿತ್ತು, ಫೋಟೊದ ನಾಲ್ಕು ಅಂಚಿನಲ್ಲೂ ಓಡುತ್ತಿತ್ತು. ಅಂದರೆ ಹಿಡಿದಿರುವುದು ಗೋಡೆಯನ್ನು, ಮಗುವನ್ನಲ್ಲ! ಗೋಡೆಯನ್ನು ಕುಗ್ಗಿಸಿದಷ್ಟೂ ಮಗುವಿನ ಮೈಗೆ ಬಿಳಿ ಹೆಚ್ಚು ಉಳಿಯುತ್ತದೆ. ಅವನು ಸ್ವತಃ ಮಾಡುವಾಗ ಕೈ ತಾನಾಗಿಯೇ ಮೊದಲು ಸೆಲೆಕ್ಷನ್ನನ್ನು ತಿರುಗಿಸಿ ಗೋಡೆಯ ಬದಲು ಮಗುವನ್ನು ಹಿಡಿಯುತ್ತಿತ್ತು. ಹೇಳಿಕೊಡುವಾಗ ಆ ಮಾತೇ ಬಾಯಿಗೆ ಬಂದಿರಲಿಲ್ಲ.

“ಏಳು ಅತ್ಲಾಗೆ.”

ಕುರ್ಚಿ ಎಳೆದು ಕೂತ. ಕುಗ್ಗಿಸಿದ್ದನ್ನು ರದ್ದು ಮಾಡಿ ಸೆಲೆಕ್ಷನ್ ತಿರುಗಿಸಿದ. ಅಂಚಿನ ಇರುವೆಗಳು ಮಾಯವಾಗಿ ಮಗುವಿನ ಸುತ್ತ ಮಾತ್ರ ಉಳಿದವು. ಎರಡು ಪಿಕ್ಸೆಲ್ ಕುಗ್ಗಿಸಿದ. ಮತ್ತೆ ತಿರುಗಿಸಿ ಅಳಿಸಿದ. ಗೋಡೆಯ ಜೊತೆ ಬಿಳಿ ಅಂಚೂ ಹೋಯಿತು. ನೀಲಿಯ ಮೇಲೆ ಮಗು ಅಲ್ಲೇ ನಿಂತು ತೆಗೆಸಿಕೊಂಡ ಹಾಗೆ ಕೂತಿತು.

“ಓಹೋ, ತಿರುಗಿಸಬೇಕಿತ್ತಾ!” ಎಂದ ಬಾಮೈದ. “ಇದನ್ನ ಮೊದಲೇ ಹೇಳಿದ್ರೆ ನಾನ್ಯಾಕೆ ಅಲ್ಲಿ ಕೇಳೋಕೆ ಹೋಗ್ತಿದ್ದೆ ಭಾವ?”

ಅನುಮಾನದಣ್ಣ ಕೆಮ್ಮಿದ. “ಕೂತ್ಕೊ. ಮಿಕ್ಕಿದ್ದೆಲ್ಲ ಹೀಗೇ ಮಾಡು. ಚಹಾ ಇಲ್ಲಿಗೇ ತರಿಸ್ತೀನಿ.”

ಸಂಜೆ ಫೋಟೊಗಳು ಶಾಲೆಗೆ ಹೋದವು, ವಾಪಸ್ ಬರಲಿಲ್ಲ. ಬಾಮೈದನ ಮೇಲಿನ ಅನುಮಾನವೂ ಹೋಯಿತು. ಆದರೆ ಅನುಮಾನದಣ್ಣ ಬಾಗಿಲಲ್ಲಿ ನಿಂತು ಎದುರಂಗಡಿಯನ್ನು ಬಹಳ ಹೊತ್ತು ನೋಡಿದ. ನಾಲ್ಕು ಹಾಕು ಅಂದವನಿಗೆ ನಿಜಕ್ಕೂ ಗೊತ್ತಿರಲಿಲ್ಲವೋ, ಚೆನ್ನಾಗಿ ಗೊತ್ತಿತ್ತೋ?