ಅಳಿವೆಯ ಠರಾವು

ಎಪ್ಪತ್ತರ ದಶಕದ ಕೊನೆಗೆ ನಾನು ಹೊನ್ನಾವರದ ಹತ್ತಿರದ ಒಂದು ಮೀನುಗಾರರ ಸಹಕಾರಿ ಸಂಘದಲ್ಲಿ ಗುಮಾಸ್ತೆಯಾಗಿದ್ದೆ. ಸಭೆಯ ನಡಾವಳಿ ಬರೆಯುವುದು ನನ್ನ ಪಾಲಿನ ಕೆಲಸ. ಅಕ್ಷರ ಚೆನ್ನಾಗಿದೆಯೆಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ಅದನ್ನೇ ನಂಬಿಕೊಂಡಿದ್ದೆ.

ಮಳೆಗಾಲ ಕಳೆದರೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳು ಜಾಗ ಬದಲಿಸುತ್ತದೆ. ದೋಣಿ ಎಲ್ಲಿ ಹಾಯಬೇಕೆಂದು ತಿಳಿಯಲು ಬಿದಿರಿನ ಗಳ ನೆಟ್ಟು ಬಾವುಟ ಕಟ್ಟಬೇಕು. ಎರಡು ಸಭೆಗಳಲ್ಲಿ ಈ ಮಾತು ಬಂತು. ಎರಡು ಸಲವೂ ನಾನು ಬರೆದದ್ದು ಒಂದೇ: ‘ಸಂಬಂಧಪಟ್ಟವರು ಆದಷ್ಟು ಬೇಗ ಕ್ರಮ ಕೈಗೊಳ್ಳತಕ್ಕದ್ದೆಂದು ಠರಾಯಿಸಲಾಯಿತು.’

ಮೂರನೆಯ ಸಭೆಗೆ ಮುಂಚೆ ಒಂದು ದೋಣಿ ಮರಳಿಗೆ ಬಡಿದು ಮಗುಚಿತು. ಅದರಲ್ಲಿದ್ದ ನಾಲ್ವರೂ ಈಜಿ ದಡ ಸೇರಿದರು, ಬಲೆ ಹೋಯಿತು.

ದೋಣಿ ನಡೆಸಿ ವಯಸ್ಸಾದ ತಂಡೇಲರಾಗಿದ್ದ ನಮ್ಮ ಅಧ್ಯಕ್ಷರು ಸಭೆಯಲ್ಲಿ ಕೇಳಿದರು: “ಗಳ ನೆಡೂದು ಯಾರ ಕೆಲ್ಸ ಆಗಿತ್ತು? ತಂಗೀ, ಪುಸ್ತಕ ಓದು.”

ಓದಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಸಾಲಿನಲ್ಲಿ ಯಾರ ಹೆಸರೂ ಇರಲಿಲ್ಲ.

“ಇವತ್ತು ಬೇರೆ ತರ ಬರೀತೇನೆ” ಎಂದೆ. ಚರ್ಚೆಯನ್ನು ಮೇಲೆ ಚುಟುಕಾಗಿ ಬರೆದು, ಕೆಳಗೆ ಗೆರೆ ಎಳೆದು ಮೂರು ಕಾಲಂ ಮಾಡಿದೆ: ಎಂತ ಕೆಲಸ, ಯಾರು, ಯಾವ ತಾರೀಖಿನೊಳಗೆ. ಒಂದು ಕೆಲಸಕ್ಕೆ ಒಬ್ಬರದೇ ಹೆಸರು. ಸಹಾಯಕ್ಕೆ ಯಾರನ್ನಾದರೂ ಕರೆದುಕೊಳ್ಳಲಿ, ಉತ್ತರ ಹೇಳುವವರು ಅವರೇ. ಗಳ ನೆಡಲು ಒಪ್ಪಿಗೆ ಕೇಳಿ ಬಂದರು ಕಚೇರಿಗೆ ಅರ್ಜಿ ಕೊಡುವುದು ನನ್ನದು, ಸೋಮವಾರದೊಳಗೆ. ಆಳ ಅಳೆಯುವುದು ಅಧ್ಯಕ್ಷರದು, ಗುರುವಾರದೊಳಗೆ. ಆಳ ತಿಳಿಯದೆ ಗಳ ನೆಡುವ ಹಾಗಿಲ್ಲ. ಆದ್ದರಿಂದ ಅದಕ್ಕೆ ಮುಂದಿನ ರವಿವಾರದ ತಾರೀಖು ಹಾಕಿ, ಮಂಕಿ ಊರಿನ ದೋಣಿಯವರೊಬ್ಬರ ಹೆಸರು ಬರೆದೆ.

ಅವರು ಸಿಟ್ಟಾದರು. “ನನ್ನ ಹೆಸ್ರೊಂದೇ ಎಂತಕ್ಕೆ? ಎಲ್ಲರೂ ಸೇರಿ ಮಾಡುವಾ ಅಂತ ಬರಿ.”

“ಸಂಬಂಧಪಟ್ಟವರು ಅಂತ ಎರಡು ಸಲ ಬರ್ದಾಯ್ತಲ್ಲ ಅಣ್ಣಾ, ಯಾರೂ ಮಾಡ್ಲಿಲ್ಲ. ತಾರೀಖು ಆಗೂದಿಲ್ಲ ಅಂದ್ರೆ ಈಗ್ಲೇ ಹೇಳಿ, ಬದಲಿಸ್ತೇನೆ.”

ಅವರು ಬೆರಳು ಮಡಚಿ ದಿನ ಎಣಿಸಿ, “ಆತು, ಇರ್ಲಿ” ಎಂದರು. ಸಭೆ ಏಳುವ ಮೊದಲು ಆ ಮೂರು ಸಾಲು ಗಟ್ಟಿಯಾಗಿ ಓದಿದೆ. ಒಬ್ಬೊಬ್ಬರೂ ಹೂಂ ಎಂದ ಮೇಲೆಯೇ ಅಧ್ಯಕ್ಷರು ಸಹಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ಮಂಕಿಯವರು ಆಫೀಸಿಗೆ ಬಂದರು. ಅವರಿಗೆ ಓದಲು ಬರುತ್ತಿರಲಿಲ್ಲವೆಂದು ನನಗೆ ತಿಳಿದದ್ದು ಆಗಲೇ. “ನನ್ನ ಹೆಸ್ರು ಎಲ್ಲಿದೆ, ತೋರ್ಸು” ಎಂದರು. ತೋರಿಸಿದೆ. ಬೆರಳಿಟ್ಟು ನೋಡಿ, ಪಕ್ಕದ ತಾರೀಖನ್ನೂ ಕೇಳಿ ತಿಳಿದುಕೊಂಡರು. “ಬಿದಿರು ಬಂತು. ನಾಳೇನೇ ನೆಡ್ತೆ.”

ನೆಟ್ಟರು. ಅಧ್ಯಕ್ಷರು ಗುರುವಾರವೇ ಆಳ ಅಳೆದಿದ್ದರು, ಬಂದರು ಕಚೇರಿಯ ಒಪ್ಪಿಗೆ ನೆಡುವ ಹಿಂದಿನ ದಿನವೇ ಕೈಸೇರಿತ್ತು. ರವಿವಾರ ನಾನು ದಡದಲ್ಲಿ ನಿಂತು ನೋಡಿದೆ: ಕೆಂಪು ಬಾವುಟಗಳ ನಡುವೆ ದೋಣಿಗಳು ಒಂದರ ಹಿಂದೊಂದು ಕಡಲಿಗಿಳಿದವು.

ಮುಂದಿನ ಸಭೆ ಹಿಂದಿನ ಸಭೆಯ ಮೂರು ಸಾಲುಗಳನ್ನು ಓದುವುದರಿಂದಲೇ ಶುರುವಾಯಿತು. ಮೂರರ ಎದುರೂ ‘ಆಗಿದೆ’ ಎಂದು ಬರೆದೆ. ಆಮೇಲೆ ಮಂಕಿಯವರು ಕೈ ಎತ್ತಿದರು: ಮೀನಿನ ಹರಾಜುಕಟ್ಟೆಯ ಮಾಡು ಸೋರುತ್ತಿದೆ, ಆ ಕೆಲಸಕ್ಕೆ ತಮ್ಮ ಹೆಸರು ಬರೆಯಬೇಕಂತೆ.